ಮೊದಲು ಕೆಲವರಿಗೆ, ಆಮೇಲೆ ಎಲ್ಲರಿಗೆ: ಫೀಚರ್ ಫ್ಲ್ಯಾಗ್ ಮತ್ತು ಹಂತಹಂತದ ಬಿಡುಗಡೆ

2006ರ ಮಾರ್ಚ್ 13ರಂದು ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣದಲ್ಲಿದ್ದ ಪ್ರಯೋಗ ಕೇಂದ್ರವೊಂದರಲ್ಲಿ ಆರು ಮಂದಿ ಆರೋಗ್ಯವಂತ ಸ್ವಯಂಸೇವಕರಿಗೆ ಟಿಜಿಎನ್1412 ಎಂಬ ಹೊಸ ಔಷಧವನ್ನು ನೀಡಲಾಯಿತು. ಮನುಷ್ಯರಿಗೆ ಅದನ್ನು ನೀಡಿದ್ದು ಅದೇ ಮೊದಲು. ಪ್ರಾಣಿಗಳಲ್ಲಿ ಸುರಕ್ಷಿತವೆಂದು ಕಂಡಿದ್ದ ಪ್ರಮಾಣದ ಐನೂರನೆಯ ಒಂದು ಭಾಗವನ್ನಷ್ಟೇ ಕೊಟ್ಟಿದ್ದರು. ಆದರೆ ಒಬ್ಬನಿಗೆ ಕೊಟ್ಟ ಸುಮಾರು 10 ನಿಮಿಷಕ್ಕೆಲ್ಲ ಮುಂದಿನವನಿಗೆ ಕೊಡುತ್ತ ಹೋದರು. ಮೊದಲನೆಯವನಲ್ಲಿ ತೊಂದರೆ ಎದ್ದು ಕಾಣುವ ಹೊತ್ತಿಗೆ ಔಷಧ ಆರೂ ಮಂದಿಯ ರಕ್ತವನ್ನು ಸೇರಿಯಾಗಿತ್ತು. ಆರೂ ಜನ ತೀವ್ರ ನಿಗಾ ಘಟಕದಲ್ಲಿ ಜೀವನ್ಮರಣದ ನಡುವೆ ತೊಳಲಾಡಿ, ಕೊನೆಗೆ ಬದುಕುಳಿದರು.

ಆಗ ನಾನು ಇಂಗ್ಲೆಂಡಿನಲ್ಲಿ ತರಬೇತಿಯಲ್ಲಿದ್ದ ಮಕ್ಕಳ ವೈದ್ಯ. ಆ ಪ್ರಕರಣವನ್ನು ಪರಿಶೀಲಿಸಿದ ತಜ್ಞರ ಸಮಿತಿಯ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು: ಇಂಥ ಔಷಧವನ್ನು ಒಬ್ಬರಿಗೆ ಕೊಟ್ಟ ಮೇಲೆ, ಅದರ ಪರಿಣಾಮ ತೋರಲು ಸಾಕಾಗುವಷ್ಟು ಕಾಲ ಬಿಟ್ಟು ಮತ್ತೊಬ್ಬರಿಗೆ ಕೊಡಬೇಕು. ಕೆಲವೇ ಮಂದಿಯನ್ನು ಆರಿಸಿಕೊಂಡದ್ದು ಅಲ್ಲಿ ರಕ್ಷಣೆಯಾಗಲಿಲ್ಲ. ನಡುವೆ ಕಾದು ನೋಡುವ ಅಂತರವೇ ನಿಜವಾದ ರಕ್ಷಣೆಯಾಗಬೇಕಿತ್ತು, ಅದು ಅಲ್ಲಿರಲಿಲ್ಲ.

ಹಲವು ವರ್ಷಗಳ ಬಳಿಕ ಈ ಪಾಠ ನನಗೆ ಬೇರೊಂದು ಕ್ಷೇತ್ರದಲ್ಲಿ ಎದುರಾಯಿತು. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಗಣಕ ವ್ಯವಸ್ಥೆಗಳಿಂದ ರೋಗಿಗಳಿಗೆ ಅಪಾಯವಾಗದಂತೆ ನೋಡಿಕೊಳ್ಳಲು ‘ಕ್ಲಿನಿಕಲ್ ಸೇಫ್ಟಿ ಆಫೀಸರ್’ ಎಂಬ ಹೊಣೆಯನ್ನು ವೈದ್ಯರಿಗೋ ದಾದಿಯರಿಗೋ ಫಾರ್ಮಸಿಸ್ಟರಿಗೋ ವಹಿಸುತ್ತಾರೆ. ನನ್ನ ಆಸ್ಪತ್ರೆಯಲ್ಲಿ ಅದು ನನ್ನ ಪಾಲಿಗೆ ಬಂತು. ಮಕ್ಕಳಿಗೆ ಔಷಧ ಬರೆಯುವ ತಂತ್ರಾಂಶದಲ್ಲಿ ಪ್ರಮಾಣವನ್ನು ಲೆಕ್ಕ ಹಾಕುವ ಭಾಗವನ್ನೇ ಬದಲಿಸಬೇಕೆಂದು ನಿಶ್ಚಯವಾದಾಗ, ಅದನ್ನು ಒಂದೇ ರಾತ್ರಿಯಲ್ಲಿ ಎಲ್ಲ ವಾರ್ಡುಗಳಿಗೂ ತೆರೆಯುವುದು ಬೇಡವೆಂದು ನಾನು ಪಟ್ಟು ಹಿಡಿದೆ. ತಂತ್ರಜ್ಞರು ಇದಕ್ಕೆ ‘ಫೀಚರ್ ಫ್ಲ್ಯಾಗ್’ ಬಳಸೋಣ ಎಂದರು. ಅಂದಿನಿಂದ ಆ ಪದದ ಒಳಹೊರಗನ್ನು ನಾನು ಕಲಿಯಬೇಕಾಯಿತು.

ಫ್ಲ್ಯಾಗ್ ಎಂದರೇನು

ತಂತ್ರಾಂಶವನ್ನು ಬದಲಿಸುವುದರಲ್ಲಿ ಎರಡು ಕೆಲಸಗಳಿವೆ. ಹೊಸ ಸಂಕೇತವನ್ನು ಸರ್ವರುಗಳಿಗೆ ಸೇರಿಸುವುದು ಒಂದು. ಬಳಕೆದಾರರು ಅದನ್ನು ಬಳಸತೊಡಗುವುದು ಇನ್ನೊಂದು. ಸಾಮಾನ್ಯವಾಗಿ ಇವೆರಡೂ ಒಂದೇ ಕ್ಷಣದಲ್ಲಿ ನಡೆಯುತ್ತವೆ. ಫೀಚರ್ ಫ್ಲ್ಯಾಗ್ ಇವನ್ನು ಬೇರ್ಪಡಿಸುತ್ತದೆ. ಹಳೆಯ ದಾರಿ, ಹೊಸ ದಾರಿ ಎರಡೂ ಸರ್ವರಿನಲ್ಲಿ ಒಟ್ಟಿಗೆ ಇರುತ್ತವೆ; ಯಾರನ್ನು ಯಾವ ದಾರಿಯಲ್ಲಿ ಕಳುಹಿಸಬೇಕೆಂಬುದನ್ನು ಹೊರಗಿನ ಒಂದು ಸ್ವಿಚ್ಚು ತೀರ್ಮಾನಿಸುತ್ತದೆ. ಸರಳಗೊಳಿಸಿ ಬರೆದರೆ ಅದು ಹೀಗಿರುತ್ತದೆ:

```
if flag_on("dose_calc_v2", ward_id):
    dose = new_dose(patient)
else:
    dose = old_dose(patient)
```

ಸ್ವಿಚ್ಚನ್ನು ಹಾಕಲು ಅಥವಾ ಆರಿಸಲು ಸಂಕೇತವನ್ನು ಮತ್ತೆ ಬರೆಯಬೇಕಿಲ್ಲ, ಸರ್ವರನ್ನು ನಿಲ್ಲಿಸಬೇಕಿಲ್ಲ. ಫ್ಲ್ಯಾಗುಗಳ ಪಟ್ಟಿಯಲ್ಲಿ ಒಂದು ಬೆಲೆಯನ್ನು ಬದಲಿಸಿದರೆ ಸಾಕು, ಕೆಲವೇ ಕ್ಷಣಗಳಲ್ಲಿ ಎಲ್ಲರೂ ಹಳೆಯ ದಾರಿಗೆ ಮರಳುತ್ತಾರೆ. ಪಟ್ಟಿಯನ್ನು ಕೊಡುವ ಸೇವೆಯೇ ಸಿಕ್ಕದೆ ಹೋದರೆ ಏನಾಗಬೇಕೆಂಬುದನ್ನೂ ಮೊದಲೇ ಬರೆದಿಡಬೇಕು. ನಮ್ಮಲ್ಲಿ ಅದರ ಉತ್ತರ ಒಂದೇ: ಸಂದೇಹವಿದ್ದಾಗ ಹಳೆಯ ಲೆಕ್ಕ.

‘ಕೆಲವರು’ ಎಂದರೆ ಯಾರು

ಅಂತರಜಾಲದ ದೊಡ್ಡ ತಾಣಗಳು ಶೇಕಡಾವಾರು ಲೆಕ್ಕದಲ್ಲಿ ತೆರೆಯುತ್ತವೆ. ಪ್ರತಿ ಬಳಕೆದಾರನ ಗುರುತಿನ ಸಂಖ್ಯೆಯಿಂದ 0ಯಿಂದ 99ರ ಒಳಗಿನ ಒಂದು ಅಂಕಿಯನ್ನು ಹುಟ್ಟಿಸುತ್ತಾರೆ:

```
bucket = stable_hash("dose_calc_v2" + user_id) % 100
show_new = bucket < 5
```

ಇದು ಲಾಟರಿಯಂತೆ ಕಂಡರೂ ಪ್ರತಿ ಸಲ ಎತ್ತುವ ಚೀಟಿಯಲ್ಲ. ಒಂದೇ ಗುರುತಿಗೆ ಯಾವಾಗಲೂ ಒಂದೇ ಅಂಕಿ ಬರುತ್ತದೆ. ಆದ್ದರಿಂದ ಬೆಳಿಗ್ಗೆ ಹೊಸ ಪರದೆಯನ್ನು ಕಂಡವನು ಸಂಜೆ ಹಳೆಯದನ್ನು ಕಾಣುವುದಿಲ್ಲ. 5ನ್ನು 20 ಮಾಡಿದಾಗ ಮೊದಲಿನ ಶೇಕಡ 5 ಮಂದಿ ಒಳಗೇ ಉಳಿದು, ಅವರ ಜೊತೆಗೆ ಹೊಸಬರು ಸೇರುತ್ತಾರೆ. ಫ್ಲ್ಯಾಗಿನ ಹೆಸರನ್ನೂ ಲೆಕ್ಕಕ್ಕೆ ಸೇರಿಸುವುದಕ್ಕೆ ಕಾರಣವಿದೆ: ಸೇರಿಸದಿದ್ದರೆ ಪ್ರತಿಯೊಂದು ಹೊಸ ಪ್ರಯೋಗದ ಮೊದಲ ಪೆಟ್ಟೂ ಅದೇ ನತದೃಷ್ಟರ ಮೇಲೆಯೇ ಬೀಳುತ್ತದೆ.

ನಮ್ಮ ಕೆಲಸಕ್ಕೆ ಈ ವಿಧಾನ ಹೊಂದಲಿಲ್ಲ. ವೈದ್ಯರನ್ನು ಹೀಗೆ ವಿಂಗಡಿಸಿದರೆ ಒಂದೇ ಮಗುವಿಗೆ ಬೆಳಿಗ್ಗೆಯ ವೈದ್ಯೆ ಹೊಸ ಲೆಕ್ಕದಲ್ಲಿಯೂ ರಾತ್ರಿಯ ವೈದ್ಯ ಹಳೆಯ ಲೆಕ್ಕದಲ್ಲಿಯೂ ಔಷಧ ಬರೆಯುತ್ತಾರೆ. ರೋಗಿಗಳನ್ನು ವಿಂಗಡಿಸಿದರೆ ಒಬ್ಬರೇ ವೈದ್ಯರು ಒಂದು ಹಾಸಿಗೆಯ ಮುಂದೆ ಒಂದು ಪರದೆಯನ್ನೂ ಪಕ್ಕದ ಹಾಸಿಗೆಯ ಮುಂದೆ ಇನ್ನೊಂದನ್ನೂ ಕಾಣುತ್ತಾರೆ. ಎರಡೂ ಅಪಾಯವೇ. ವೈದ್ಯಕೀಯ ಪ್ರಯೋಗಗಳಲ್ಲಿ ಇಂಥ ಬೆರಕೆಯನ್ನು ತಪ್ಪಿಸಲು ವ್ಯಕ್ತಿಗಳನ್ನು ಬಿಟ್ಟು ಇಡೀ ಗುಂಪನ್ನೇ, ಒಂದು ಊರನ್ನೋ ಒಂದು ಚಿಕಿತ್ಸಾಲಯವನ್ನೋ, ಒಂದು ಘಟಕವಾಗಿ ಹಿಡಿಯುವ ಕ್ರಮವಿದೆ. ನಾವೂ ಹಾಗೆಯೇ ವಾರ್ಡನ್ನು ಘಟಕವಾಗಿ ಹಿಡಿದೆವು. ಈ ಆಯ್ಕೆಯಲ್ಲಿಯೂ ಒಂದು ಬಿರುಕು ಉಳಿದಿತ್ತೆಂಬುದು ಆಮೇಲೆ ತಿಳಿಯಿತು.

ನೆರಳಿನಲ್ಲಿ ನಡೆಸಿದ ಲೆಕ್ಕ

ಯಾವ ವಾರ್ಡಿಗೂ ತೆರೆಯುವ ಮುನ್ನ ಹೊಸ ಲೆಕ್ಕವನ್ನು ಎರಡು ವಾರ ನೆರಳಿನಂತೆ ನಡೆಸಿದೆವು. ವೈದ್ಯರು ಹಳೆಯ ಪರದೆಯಲ್ಲಿ ಔಷಧ ಬರೆಯುವಾಗ ಒಳಗಡೆ ಹೊಸ ಸಂಕೇತವೂ ಅದೇ ಮಗುವಿಗೆ ಲೆಕ್ಕ ಹಾಕುತ್ತಿತ್ತು. ಫಲಿತಾಂಶವನ್ನು ಯಾರಿಗೂ ತೋರಿಸದೆ, ಎರಡೂ ಅಂಕಿಗಳನ್ನು ದಿನಚರಿಯಲ್ಲಿ ಬರೆದಿಡುತ್ತಿತ್ತು.

ಒಟ್ಟು ಸರಾಸರಿಯನ್ನು ನೋಡಿದಾಗ ವ್ಯತ್ಯಾಸ ನಗಣ್ಯವಾಗಿತ್ತು. ವಾರ್ಡುವಾರು ಬಿಡಿಸಿ ನೋಡಿದಾಗ ನವಜಾತ ಶಿಶುಗಳ ಘಟಕದಲ್ಲಿ ಮಾತ್ರ ಹೊಸ ಲೆಕ್ಕ ನಿರಂತರವಾಗಿ ಕಡಿಮೆ ತೋರಿಸುತ್ತಿತ್ತು. ಕಾರಣವನ್ನು ಗುರುತಿಸಲು ವೈದ್ಯನೇ ಬೇಕಾಯಿತು. ಹುಟ್ಟಿದ ಮೊದಲ ದಿನಗಳಲ್ಲಿ ಮಗುವಿನ ತೂಕ ಇಳಿದು ಮತ್ತೆ ಏರುತ್ತದೆ. ಹಾಗಾಗಿ ಅದು ಜನ್ಮತೂಕಕ್ಕೆ ಮರಳುವವರೆಗೆ ಔಷಧವನ್ನು ಜನ್ಮತೂಕದ ಮೇಲೆಯೇ ಲೆಕ್ಕ ಹಾಕುವುದು ನಮ್ಮ ಘಟಕದ ಪದ್ಧತಿ. ಹೊಸ ಸಂಕೇತ ಇತ್ತೀಚಿನ ತೂಕವನ್ನು ತೆಗೆದುಕೊಳ್ಳುತ್ತಿತ್ತು. 1.2 ಕಿಲೋ ತೂಕದಲ್ಲಿ ಹುಟ್ಟಿ ಐದನೆಯ ದಿನ 1.08 ಕಿಲೋಗೆ ಇಳಿದ ಮಗುವಿಗೆ ಕಿಲೋಗೆ 5 ಮಿಲಿಗ್ರಾಂನಂತೆ ಜೆಂಟಮೈಸಿನ್ ಬರೆದರೆ, 6 ಮಿಲಿಗ್ರಾಂ ಇರಬೇಕಾದಲ್ಲಿ 5.4 ಬರುತ್ತಿತ್ತು. ಯಾವ ಮಗುವಿಗೂ ಒಂದು ಹನಿ ತಪ್ಪು ಔಷಧ ಹೋಗದೆ ಈ ದೋಷ ಸಿಕ್ಕಿತು. ನೆರಳಿನ ಓಟದ ಬಲ ಇದು.

ಅದರ ಮಿತಿಯೂ ಇಲ್ಲಿಯೇ ಇದೆ. ನೆರಳಿನಲ್ಲಿ ಎರಡು ಲೆಕ್ಕಗಳನ್ನು ಹೋಲಿಸಬಹುದು. ಹೊಸ ಪರದೆಯನ್ನು ಕಂಡ ಮನುಷ್ಯ ಏನು ಮಾಡುತ್ತಾನೆ ಎಂಬುದನ್ನು ತಿಳಿಯಲಾಗದು. ಪರದೆಯನ್ನು ಇನ್ನೂ ಯಾರೂ ಕಂಡಿರುವುದಿಲ್ಲವಲ್ಲ.

ಅರವತ್ತು ಚೀಟಿಗಳು, ಸೊನ್ನೆ ತಪ್ಪು

ದೋಷವನ್ನು ಸರಿಪಡಿಸಿ ಒಂದು ಸೋಮವಾರ ಮೊದಲ ವಾರ್ಡಿಗೆ ತೆರೆದೆವು. ತೆರೆಯುವ ಮುನ್ನವೇ ಎರಡು ನಿಯಮಗಳನ್ನು ಬರೆದಿಟ್ಟಿದ್ದೆವು. ಪ್ರಮಾಣದಲ್ಲಿ ಗಂಭೀರವಾದ ಒಂದೇ ಒಂದು ತಪ್ಪು ಕಂಡರೂ ಸ್ವಿಚ್ಚನ್ನು ಆರಿಸಬೇಕು. ಕಾರಣವನ್ನು ಆಮೇಲೆ ಹುಡುಕಬಹುದು. ಮತ್ತು 300 ಔಷಧ ಚೀಟಿಗಳು ಆಗುವವರೆಗೆ ಎರಡನೆಯ ವಾರ್ಡಿಗೆ ತೆರೆಯಬಾರದು.

ಗುರುವಾರದ ಹೊತ್ತಿಗೆ 60 ಚೀಟಿಗಳಾಗಿದ್ದವು, ಒಂದರಲ್ಲಿಯೂ ತಪ್ಪಿರಲಿಲ್ಲ. ಇನ್ನೂ ಏಕೆ ಕಾಯಬೇಕು, ಉಳಿದ ವಾರ್ಡುಗಳಿಗೂ ತೆರೆಯೋಣ ಎಂದು ಆಡಳಿತದವರು ಒತ್ತಾಯಿಸಿದರು. ಅವರಿಗೆ ನಾನು ವೈದ್ಯರ ಹಳೆಯ ಲೆಕ್ಕವೊಂದನ್ನು ತೋರಿಸಿದೆ. ಅದಕ್ಕೆ ‘ಮೂರರ ನಿಯಮ’ ಎಂದು ಹೆಸರು. ಒಂದು ಚಿಕಿತ್ಸೆಯನ್ನು n ಮಂದಿಗೆ ಕೊಟ್ಟು ಯಾರಲ್ಲಿಯೂ ದುಷ್ಪರಿಣಾಮ ಕಾಣದಿದ್ದರೆ ಅದರ ನಿಜವಾದ ಪ್ರಮಾಣ ಸೊನ್ನೆಯೆಂದು ಹೇಳುವಂತಿಲ್ಲ. ಅದು 3/n ಅನ್ನು ಮೀರಿರಲಾರದು ಎಂದು ಶೇಕಡ 95ರಷ್ಟು ಭರವಸೆಯಿಂದ ಹೇಳಬಹುದು, ಅಷ್ಟೇ. 60 ಚೀಟಿಗಳಿಗೆ ಇದು 3/60, ಅಂದರೆ ಶೇಕಡ 5. ಇಪ್ಪತ್ತು ಚೀಟಿಗೊಂದು ತಪ್ಪಾಗುವಂಥ ತಂತ್ರಾಂಶವೂ ಅದೃಷ್ಟದಿಂದ ಇಷ್ಟು ದಿನ ನಿರ್ದೋಷಿಯಂತೆ ಕಂಡಿರಬಹುದು. 300 ಚೀಟಿಗಳಾದರೆ ಆ ಮಿತಿ ಶೇಕಡ 1ಕ್ಕೆ ಇಳಿಯುತ್ತದೆ. ನಮ್ಮ 300ರ ಮೂಲ ಇದು.

ಈ ನಿಯಮಕ್ಕೊಂದು ಷರತ್ತಿದೆ. ನೋಡಿದ ಪ್ರಕರಣಗಳು ಮುಂದೆ ಬರಲಿರುವ ಪ್ರಕರಣಗಳಂತೆಯೇ ಇರಬೇಕು. ನಮ್ಮ 60 ಚೀಟಿಗಳಲ್ಲಿ ಹೆಚ್ಚಿನವು ಹಗಲಿನಲ್ಲಿ, ಹೊಸ ಪರದೆಯ ಪರಿಚಯ ಪಡೆದ ವೈದ್ಯರು ಬರೆದವು. ಅದನ್ನು ನಾನು ಆಗ ಗಮನಿಸಲಿಲ್ಲ.

ಭಾನುವಾರ ರಾತ್ರಿ

ಹಳೆಯ ಪರದೆ ಕೆಲವು ಪ್ರತಿಜೀವಕಗಳಿಗೆ ದಿನದ ಒಟ್ಟು ಪ್ರಮಾಣವನ್ನು ತೋರಿಸುತ್ತಿತ್ತು. ವೈದ್ಯರು ಅದನ್ನು ಮೂರು ಪಾಲು ಮಾಡಿ ಬರೆಯುತ್ತಿದ್ದರು. ಹೊಸ ಪರದೆ ಒಂದು ಸಲಕ್ಕೆ ಕೊಡಬೇಕಾದ ಪ್ರಮಾಣವನ್ನೇ ತೋರಿಸುತ್ತಿತ್ತು. ಅಂಕಿಯ ಪಕ್ಕದಲ್ಲಿ `mg/day` ಇದ್ದದ್ದು `mg/dose` ಆಗಿತ್ತು. ಪರದೆಯ ಮೇಲಿನ ಬದಲಾವಣೆ ಇಷ್ಟೇ.

ರಾತ್ರಿ ಪಾಳಿಯಲ್ಲಿ ಒಬ್ಬರೇ ಕಿರಿಯ ವೈದ್ಯರು ಎರಡು ವಾರ್ಡುಗಳನ್ನು ನೋಡಿಕೊಳ್ಳುತ್ತಾರೆ. ಅಂದಿನ ವೈದ್ಯೆಯ ಹಗಲಿನ ಕೆಲಸ ಹಳೆಯ ಪರದೆಯಿದ್ದ ವಾರ್ಡಿನಲ್ಲಿ. ನಮ್ಮ ವಾರ್ಡಿಗೆ ಬಂದ 12 ಕಿಲೋ ತೂಕದ ಮಗುವೊಂದಕ್ಕೆ ಕಿಲೋಗೆ 50 ಮಿಲಿಗ್ರಾಂನಂತೆ ಎಂಟು ಗಂಟೆಗೊಮ್ಮೆ ಸೆಫೊಟ್ಯಾಕ್ಸಿಮ್ ಬೇಕಿತ್ತು. ಪರದೆ ಸರಿಯಾಗಿಯೇ 600 ತೋರಿಸಿತು. ಕೈ ಅಭ್ಯಾಸದಂತೆ ಮೂರರಿಂದ ಭಾಗಿಸಿ 200 ಎಂದು ಬರೆಯಿತು. ಆ ರಾತ್ರಿ ಇಂಥ ಎರಡು ಚೀಟಿಗಳಾದವು.

ಸೋಮವಾರ ಬೆಳಿಗ್ಗೆ ವಾರ್ಡಿನ ಫಾರ್ಮಸಿಸ್ಟ್ ಒಂದನ್ನು ಹಿಡಿದರು. ನಾವು ಕೂಡಲೇ ಸ್ವಿಚ್ಚನ್ನು ಆರಿಸಿದೆವು. ಒಂದು ನಿಮಿಷದೊಳಗೆ ವಾರ್ಡು ಹಳೆಯ ಪರದೆಗೆ ಮರಳಿತು. ಕೋಣೆಯಲ್ಲಿದ್ದವರೆಲ್ಲ ನಿಟ್ಟುಸಿರು ಬಿಟ್ಟರು. ಆದರೆ ಸ್ವಿಚ್ಚನ್ನು ಆರಿಸಿದರೆ ಮುಂದಿನ ಚೀಟಿಗಳಷ್ಟೇ ಸರಿಯಾಗುತ್ತವೆ, ಆಗಲೇ ಬರೆದ ಚೀಟಿಗಳು ಹಾಗೆಯೇ ಉಳಿಯುತ್ತವೆ. ಅದೃಷ್ಟವಶಾತ್ ಪ್ರತಿ ಚೀಟಿಯ ಜೊತೆಗೂ ಅದನ್ನು ಯಾವ ಲೆಕ್ಕದಿಂದ ಬರೆಯಲಾಯಿತೆಂಬ ಗುರುತನ್ನು ಸೇರಿಸುವಂತೆ ಮೊದಲೇ ಕೇಳಿಕೊಂಡಿದ್ದೆವು. ಆ ಗುರುತನ್ನು ಹಿಡಿದು ಹುಡುಕಿದಾಗ ಹೊಸ ಪರದೆಯಿಂದ ಬರೆದ 97 ಚೀಟಿಗಳ ಪಟ್ಟಿ ಕೈಗೆ ಬಂತು. ಒಂದೊಂದನ್ನೂ ಕೈಯಾರೆ ಪರಿಶೀಲಿಸಿದೆವು. ಎರಡನೆಯ ಮಗು ಬೆಳಿಗ್ಗೆಯೇ ಬೇರೆ ವಾರ್ಡಿಗೆ ಹೋಗಿತ್ತು. ಅಲ್ಲಿ ಫ್ಲ್ಯಾಗೂ ಇರಲಿಲ್ಲ, ಈ ವಿಷಯ ತಿಳಿದವರೂ ಇರಲಿಲ್ಲ. ಮೂರನೆಯ ಒಂದು ಭಾಗದಷ್ಟೇ ಔಷಧ ಆ ಮಗುವಿಗೆ ಎರಡು ಸಲ ಹೋಗಿತ್ತು. ಪ್ರಮಾಣವನ್ನು ಸರಿಪಡಿಸಿದೆವು, ಮಗು ಚೇತರಿಸಿಕೊಂಡಿತು. ಅದರ ತಂದೆತಾಯಿಯರ ಎದುರು ಕುಳಿತು ನಡೆದುದನ್ನು ನಡೆದಂತೆ ಹೇಳಿದೆ. “ಎಷ್ಟು ಮಕ್ಕಳಿಗೆ ಹೀಗಾಯಿತು?” ಎಂದು ತಾಯಿ ಕೇಳಿದಾಗ, “ಇಬ್ಬರಿಗೆ” ಎಂದು ಖಚಿತವಾಗಿ ಹೇಳಲು ನನಗೆ ಸಾಧ್ಯವಾಯಿತು. ಗುರುವಾರವೇ ಎಲ್ಲ ವಾರ್ಡುಗಳಿಗೂ ತೆರೆದಿದ್ದರೆ ಆ ಸಂಖ್ಯೆ ಏನಿರುತ್ತಿತ್ತೆಂದು ಹೇಳಲಾರೆ.

ನಾವು ತಿದ್ದಿಕೊಂಡದ್ದು

ವೈದ್ಯೆಯನ್ನು ದೂರಿ ಪ್ರಯೋಜನವಿರಲಿಲ್ಲ. ಒಂದೇ ರಾತ್ರಿಯಲ್ಲಿ ಒಬ್ಬರಿಗೆ ಎರಡು ಬಗೆಯ ಪರದೆ ಕೊಟ್ಟವರು ನಾವು. ಪರದೆಯ ಮೇಲೆ ‘ಪ್ರತಿ ಡೋಸಿಗೆ 600, ಎಂಟು ಗಂಟೆಗೊಮ್ಮೆ, ದಿನಕ್ಕೆ ಒಟ್ಟು 1800’ ಎಂಬ ಅರ್ಥ ಬರುವಂತೆ ಮೂರೂ ಅಂಕಿಗಳನ್ನು ಒಟ್ಟಿಗೆ ತೋರಿಸಿದೆವು. ಬರೆದ ಪ್ರಮಾಣ ತೋರಿಸಿದ ಪ್ರಮಾಣಕ್ಕಿಂತ ಬಹಳ ಕಡಿಮೆಯಿದ್ದರೆ ಕಾರಣ ಕೇಳುವಂತೆ ಮಾಡಿದೆವು. ಘಟಕದ ವ್ಯಾಖ್ಯೆಯನ್ನೂ ಬದಲಿಸಿದೆವು: ರಾತ್ರಿ ಪಾಳಿಯಲ್ಲಿ ಒಬ್ಬರೇ ವೈದ್ಯರು ನೋಡಿಕೊಳ್ಳುವ ಎರಡೂ ವಾರ್ಡುಗಳನ್ನು ಸೇರಿಸಿ ಒಂದು ಘಟಕವೆಂದು ಹಿಡಿದೆವು. ಎಣಿಕೆಯನ್ನು ಸೊನ್ನೆಯಿಂದ ಮತ್ತೆ ಆರಂಭಿಸಿದೆವು, ಏಕೆಂದರೆ ಹಿಂದಿನ 97 ಚೀಟಿಗಳು ಬೇರೊಂದು ಪರದೆಯ ಸಾಕ್ಷ್ಯ. ಈ ಸಲ 300 ಚೀಟಿಗಳ ಜೊತೆಗೆ ಎರಡು ಪೂರ್ಣ ವಾರಾಂತ್ಯಗಳು ಕಳೆಯಬೇಕೆಂಬ ನಿಯಮವನ್ನೂ ಸೇರಿಸಿದೆವು. ಆಮೇಲೆ ಹಂತಗಳು ಒಂದರ ಹಿಂದೊಂದರಂತೆ ಸಾಗಿದವು.

ಸ್ವಿಚ್ಚು ಕೆಲಸ ಮಾಡದ ಬದಲಾವಣೆಗಳೂ ಇವೆ ಎಂಬುದನ್ನು ಇಲ್ಲಿ ಹೇಳಬೇಕು. ದತ್ತಾಂಶದ ರೂಪವೇ ಬದಲಾದರೆ, ಉದಾಹರಣೆಗೆ ಕಿಲೋಗಳಲ್ಲಿ ಉಳಿಸುತ್ತಿದ್ದ ತೂಕವನ್ನು ಗ್ರಾಂಗಳಲ್ಲಿ ಉಳಿಸತೊಡಗಿದರೆ, ಹಳೆಯ ದಾರಿಗೆ ಮರಳಿದ ಸಂಕೇತ ಹೊಸ ಅಂಕಿಯನ್ನು ಓದಿ ಸಾವಿರ ಪಟ್ಟು ತಪ್ಪುತ್ತದೆ. ಅಂಥಲ್ಲಿ ಹೊಸ ತೂಕಕ್ಕೆ ಬೇರೆಯೇ ಜಾಗವನ್ನು ಕೊಟ್ಟು, ಹಂತಗಳು ಮುಗಿಯುವವರೆಗೆ ಎರಡರಲ್ಲಿಯೂ ಬರೆಯುತ್ತಿರಬೇಕು. ಮರಳುವ ದಾರಿಯನ್ನು ಪರೀಕ್ಷಿಸದೆ ಮುಂದಿನ ದಾರಿಯನ್ನು ತೆರೆಯಬಾರದು.

ಕೆಲಸ ಮುಗಿದ ಸ್ವಿಚ್ಚು

ಎಲ್ಲ ವಾರ್ಡುಗಳಿಗೂ ತೆರೆದ ಮೇಲೆ ಕೆಲಸ ಮುಗಿಯಿತೆಂದು ಬಹುಮಂದಿ ಭಾವಿಸುತ್ತಾರೆ. ಹಳೆಯ ಸಂಕೇತ, ಹಳೆಯ ಫ್ಲ್ಯಾಗ್ ಒಳಗೇ ಉಳಿದುಬಿಡುತ್ತವೆ. ಇದರಿಂದ ಏನಾಗಬಹುದೆಂಬುದಕ್ಕೆ ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವ್ಯವಹಾರದ ಸಂಸ್ಥೆಯ ಕಥೆಯನ್ನು ತಂತ್ರಜ್ಞರು ಇಂದಿಗೂ ಹೇಳುತ್ತಾರೆ. 2012ರಲ್ಲಿ ಆ ಸಂಸ್ಥೆ ಹೊಸ ಸಂಕೇತವನ್ನು ಎಂಟು ಸರ್ವರುಗಳಿಗೆ ಸೇರಿಸಬೇಕಿತ್ತು, ಒಂದು ಬಿಟ್ಟುಹೋಯಿತು. ಹೊಸ ಸೌಲಭ್ಯಕ್ಕೆ ಹೊಸ ಫ್ಲ್ಯಾಗನ್ನು ಮಾಡದೆ, ಬಳಕೆ ನಿಂತು ವರ್ಷಗಳಾಗಿದ್ದ ‘ಪವರ್ ಪೆಗ್’ ಎಂಬ ಸೌಲಭ್ಯದ ಹಳೆಯ ಫ್ಲ್ಯಾಗನ್ನೇ ಮರಳಿ ಬಳಸಿದ್ದರು. ಆಗಸ್ಟ್ 1ರ ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಏಳು ಸರ್ವರುಗಳು ಹೊಸ ಕೆಲಸವನ್ನು ಮಾಡಿದವು. ಎಂಟನೆಯದರಲ್ಲಿ ಅದೇ ಫ್ಲ್ಯಾಗ್ ಸತ್ತುಹೋಗಿದ್ದ ಪವರ್ ಪೆಗ್ಗನ್ನು ಎಬ್ಬಿಸಿತು. ಅದು ಕೊನೆಯಿಲ್ಲದಂತೆ ಷೇರುಗಳ ಬೇಡಿಕೆಗಳನ್ನು ಕಳುಹಿಸತೊಡಗಿತು. ದೋಷ ಹೊಸ ಸಂಕೇತದಲ್ಲಿದೆಯೆಂದು ತಿಳಿದ ತಂತ್ರಜ್ಞರು ಅದನ್ನು ಏಳು ಸರ್ವರುಗಳಿಂದ ತೆಗೆದುಹಾಕಿದರು. ಆಗ ಉಳಿದ ಏಳರಲ್ಲಿಯೂ ಹಳೆಯದು ಎದ್ದಿತು. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರಿಗೂ ಮಿಕ್ಕಿದ ನಷ್ಟವಾಯಿತು.

ಒಂದು ಫ್ಲ್ಯಾಗಿಗೆ ಒಂದೇ ಕೆಲಸ, ಕೆಲಸ ಮುಗಿದೊಡನೆ ಅಳಿಸುವಿಕೆ: ನಮ್ಮ ಆಸ್ಪತ್ರೆಯ ಅಪಾಯಗಳ ದಾಖಲೆಯಲ್ಲಿ ಈಗ ಪ್ರತಿ ಫ್ಲ್ಯಾಗಿನ ಎದುರೂ ಅದನ್ನು ತೆರೆಯುವ ಮುನ್ನವೇ ಮೂರು ವಿಷಯಗಳನ್ನು ಬರೆಯುತ್ತೇವೆ. ಏನು ಕಂಡರೆ ಆರಿಸಬೇಕು, ಆರಿಸುವ ಅಧಿಕಾರ ಯಾರಿಗಿದೆ, ಯಾವ ದಿನದೊಳಗೆ ಅಳಿಸಬೇಕು. ಆರಿಸುವ ಅಧಿಕಾರವನ್ನು ರಾತ್ರಿ ಪಾಳಿಯ ಹಿರಿಯ ದಾದಿಗೂ ಕೊಟ್ಟಿದ್ದೇವೆ. ಸ್ವಿಚ್ಚು ತಾಂತ್ರಿಕವಾಗಿ ಒಂದು ನಿಮಿಷದಲ್ಲಿ ಆರಬಹುದು. ಆದರೆ ಅದನ್ನು ಮುಟ್ಟಬಲ್ಲವರು ಮನೆಯಲ್ಲಿ ಮಲಗಿದ್ದರೆ ಆ ಒಂದು ನಿಮಿಷ ಬೆಳಗಿನವರೆಗೂ ಚಾಚಿಕೊಳ್ಳುತ್ತದೆ.

`dose_calc_v2` ಈಗ ನಮ್ಮ ಪಟ್ಟಿಯಲ್ಲಿಲ್ಲ. ಕೊನೆಯ ವಾರ್ಡಿಗೆ ತೆರೆದ ಆರು ವಾರಗಳ ಬಳಿಕ, ಹಳೆಯ ಲೆಕ್ಕದ ಸಂಕೇತವನ್ನೂ ಫ್ಲ್ಯಾಗನ್ನೂ ಒಟ್ಟಿಗೆ ತೆಗೆದುಹಾಕಿ, ದಾಖಲೆಯ ಆ ಸಾಲಿನ ಕೊನೆಗೆ ನನ್ನ ಸಹಿ ಹಾಕಿದೆ.